ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆ ಕನ್ನಡ: ಹಳೆಯ ಪ್ರಶ್ನೆಪತ್ರಿಕೆಗಳಿಂದ ಗದ್ಯಭಾಗ, ವ್ಯಾಕರಣ ಮತ್ತು ಮನವಿ ಪತ್ರದ ಸಿದ್ಧತೆ

ಹತ್ತನೆಯ ತರಗತಿಯ ಮಕ್ಕಳು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದು ಸಾಮಾನ್ಯವಾಗಿ ವರ್ಷದ ಲೆಕ್ಕದಲ್ಲಿ. ಒಂದು ವರ್ಷದ ಪತ್ರಿಕೆಯನ್ನು ಮೊದಲ ಪ್ರಶ್ನೆಯಿಂದ ಕೊನೆಯ ಪ್ರಶ್ನೆಯವರೆಗೆ ಬರೆದು ಮುಗಿಸುತ್ತಾರೆ, ಮರುದಿನ ಇನ್ನೊಂದು ವರ್ಷದ್ದನ್ನು ಎತ್ತಿಕೊಳ್ಳುತ್ತಾರೆ. ಗಣಿತಕ್ಕೆ ಈ ಕ್ರಮ ಸರಿಹೋಗಬಹುದು. ಕನ್ನಡ ಪತ್ರಿಕೆಯ ಕೆಲವು ವಿಭಾಗಗಳಿಗೆ, ಅದರಲ್ಲೂ ಅಪಠಿತ ಗದ್ಯ, ವ್ಯಾಕರಣ ಮತ್ತು ಪತ್ರಲೇಖನಕ್ಕೆ, ಇದರಿಂದ ಸಿಗುವ ಲಾಭ ಕಡಿಮೆ. ಒಂದೇ ಬಗೆಯ ಪ್ರಶ್ನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಪ್ರಶ್ನೆ ಏನನ್ನು ಕೇಳುತ್ತಿದೆ ಮತ್ತು ಅಂಕ ಎಲ್ಲಿ ಕಳೆದುಹೋಗುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಪತ್ರಿಕೆಗಳನ್ನು ವರ್ಷವಾರು ಬಿಡಿಸದೆ ವಿಭಾಗವಾರು ಬಿಡಿಸುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸುತ್ತೇನೆ.

ಯಾವ ಪತ್ರಿಕೆಗಳನ್ನು ಇಟ್ಟುಕೊಳ್ಳಬೇಕು

ಆರು ಪತ್ರಿಕೆಗಳು ಸಾಕು. ಐದನ್ನು ವಿಭಾಗವಾರು ಬಿಡಿಸಿ, ಒಂದನ್ನು ಕೊನೆಗೆಂದು ಓದದೆ ಎತ್ತಿಡಬೇಕು. 2024ರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ವರ್ಷಕ್ಕೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಮೂರು ಬಾರಿ ಪರೀಕ್ಷೆ ನಡೆಸತೊಡಗಿತು. ಹೀಗಾಗಿ 2024 ಮತ್ತು 2025ನೇ ಸಾಲಿನ ಪತ್ರಿಕೆಗಳಷ್ಟನ್ನು ಕೂಡಿಸಿದರೂ ಆರು ಸಿಗುತ್ತವೆ. ಇವುಗಳ ಜೊತೆಗೆ ಮಂಡಳಿ ಪ್ರಕಟಿಸುವ ಮಾದರಿ ಉತ್ತರಗಳನ್ನೂ ತಪ್ಪದೆ ಇಳಿಸಿಕೊಳ್ಳಬೇಕು. ಮಾದರಿ ಉತ್ತರವಿಲ್ಲದ ಪತ್ರಿಕೆಯಿಂದ ವಿದ್ಯಾರ್ಥಿಗೆ ತನ್ನ ಉತ್ತರ ಸರಿಯೋ ತಪ್ಪೋ ಎಂದು ಹೇಳುವವರು ಯಾರೂ ಇರುವುದಿಲ್ಲ, ತಪ್ಪನ್ನೇ ಆರು ಬಾರಿ ಅಭ್ಯಾಸ ಮಾಡಿದಂತಾಗುತ್ತದೆ.

2021ರ ಪತ್ರಿಕೆಯನ್ನು ಬದಿಗಿಡಿ. ಕೋವಿಡ್ ಕಾರಣದಿಂದ ಆ ವರ್ಷ ಭಾಷಾ ವಿಷಯಗಳನ್ನೆಲ್ಲ ಒಂದೇ ದಿನ ಬಹು ಆಯ್ಕೆ ಪ್ರಶ್ನೆಗಳಲ್ಲಿ ಮುಗಿಸಲಾಗಿತ್ತು, ಪತ್ರ ಬರೆಯುವ ಪ್ರಶ್ನೆಯೇ ಅದರಲ್ಲಿ ಇರಲಿಲ್ಲ. ಇನ್ನೊಂದು ಮಾತು. 2022 ಮತ್ತು 2023ರಲ್ಲಿ ಪಠ್ಯಪುಸ್ತಕಗಳ ಪರಿಷ್ಕರಣೆ ನಡೆದುದರಿಂದ ಹಳೆಯ ಪತ್ರಿಕೆಗಳ ಪಾಠಾಧಾರಿತ ಪ್ರಶ್ನೆಗಳಲ್ಲಿ ಕೆಲವು ಈಗ ನಿಮಗೆ ಸಂಬಂಧಿಸಿರಲಾರವು. ಆದರೆ ನಾವು ಹಿಡಿದಿರುವ ಮೂರು ವಿಭಾಗಗಳಿಗೆ ಈ ತೊಂದರೆಯಿಲ್ಲ. ಸಂಧಿಯ ನಿಯಮ ಪಠ್ಯ ಬದಲಾದ ಮಾತ್ರಕ್ಕೆ ಬದಲಾಗುವುದಿಲ್ಲ, ಅಪಠಿತ ಗದ್ಯವಂತೂ ಪಠ್ಯದ ಹೊರಗಿನದೇ. ಅಂಕಗಳ ಹಂಚಿಕೆಯನ್ನು ಮಾತ್ರ ನಿಮ್ಮ ವರ್ಷದ ನೀಲನಕ್ಷೆಯೊಂದಿಗೆ ತಾಳೆ ನೋಡಿಕೊಳ್ಳಿ.

ಈಗ ಒಂದು ನೋಟ್‌ಬುಕ್ಕನ್ನು ಮೂರು ಭಾಗ ಮಾಡಿ. ಐದೂ ಪತ್ರಿಕೆಗಳ ಗದ್ಯಭಾಗಗಳು ಒಂದೆಡೆ, ವ್ಯಾಕರಣದ ಎಲ್ಲ ಪ್ರಶ್ನೆಗಳು (ಬಹು ಆಯ್ಕೆ, ಪದ ಸಂಬಂಧ, ಪ್ರಸ್ತಾರ, ಅಲಂಕಾರ) ಒಂದೆಡೆ, ಪತ್ರದ ಪ್ರಶ್ನೆಗಳು ಇನ್ನೊಂದೆಡೆ ಬರಲಿ. ಪ್ರಶ್ನೆಗಳನ್ನು ಕೈಯಿಂದಲೇ ಬರೆದುಕೊಳ್ಳಿ. ಕತ್ತರಿಸಿ ಅಂಟಿಸುವುದು ಬೇಗ ಮುಗಿಯುತ್ತದೆ, ನಿಜ. ಆದರೆ ಬರೆಯುವಾಗ ಪ್ರಶ್ನೆಯ ಕೊನೆಯ ಪದದವರೆಗೂ ಗಮನ ಹರಿಯುತ್ತದೆ, ಮತ್ತು ಬಹುಪಾಲು ತಪ್ಪುಗಳು ಹುಟ್ಟುವುದು ಆ ಕೊನೆಯ ಪದವನ್ನು ಓದದೆ ಬಿಟ್ಟುದರಿಂದಲೇ.

ವ್ಯಾಕರಣ: ಒಂದು ಪದ, ಎರಡು ಪ್ರಶ್ನೆ

ವ್ಯಾಕರಣದಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಇಲ್ಲಿ ಉತ್ತರ ಒಂದೇ, ಅಂಕವೂ ಪೂರ್ತಿ ಬರುತ್ತದೆ ಅಥವಾ ಬರುವುದೇ ಇಲ್ಲ.

ಐದು ಪತ್ರಿಕೆಗಳ ಸಂಧಿ ಮತ್ತು ಸಮಾಸದ ಪ್ರಶ್ನೆಗಳನ್ನು ಒಟ್ಟಿಗೆ ಬರೆದುಕೊಂಡಾಗ ಒಂದು ವಿಷಯ ಸ್ಪಷ್ಟವಾಗುತ್ತದೆ: ಒಂದೇ ಪದವನ್ನು ಸಂಧಿಗೂ ಕೇಳಬಹುದು, ಸಮಾಸಕ್ಕೂ ಕೇಳಬಹುದು. ‘ಮಳೆಗಾಲ’ ಎಂಬ ಪದವನ್ನು ನೋಡಿ. ‘ಇದು ಯಾವ ಸಂಧಿ’ ಎಂದು ಕೇಳಿದರೆ ಮಳೆ + ಕಾಲ ಎಂದು ಬಿಡಿಸಬೇಕು. ಉತ್ತರಪದದ ಕಕಾರದ ಜಾಗದಲ್ಲಿ ಗಕಾರ ಬಂದಿರುವುದರಿಂದ ಇದು ಆದೇಶ ಸಂಧಿ. ಅದೇ ಪದ ‘ಯಾವ ಸಮಾಸ’ ಎಂದು ಬಂದರೆ ಮಳೆಯ + ಕಾಲ ಎಂದು ವಿಗ್ರಹಿಸಬೇಕು. ಪೂರ್ವಪದದಲ್ಲಿ ಷಷ್ಠೀ ವಿಭಕ್ತಿ ಅಡಗಿದೆ, ಉತ್ತರಪದದ ಅರ್ಥವೇ ಪ್ರಧಾನ, ಆದ್ದರಿಂದ ತತ್ಪುರುಷ ಸಮಾಸ. ‘ಹಳೆಗನ್ನಡ’ದ ವಿಷಯವೂ ಹಾಗೆಯೇ. ಸಂಧಿಯಲ್ಲಿ ಅದು ಆದೇಶ, ಸಮಾಸದಲ್ಲಿ ‘ಹಳೆಯದು + ಕನ್ನಡ’ ಎಂದಾಗಿ ಕರ್ಮಧಾರಯ. ಬಹು ಆಯ್ಕೆಯ ನಾಲ್ಕು ಆಯ್ಕೆಗಳೂ ಸಂಧಿಗಳೇ ಆಗಿದ್ದರೆ ಗೊಂದಲವಿಲ್ಲ. ಆದರೆ ಮೊದಲೆರಡು ಪದಗಳ ಸಂಬಂಧ ನೋಡಿ ನಾಲ್ಕನೆಯ ಪದ ಬರೆಯುವ ಪ್ರಶ್ನೆಯಲ್ಲಿ ಆಯ್ಕೆಗಳಿರುವುದಿಲ್ಲ. ‘ಸಜ್ಜನ : ಶ್ಚುತ್ವ ಸಂಧಿ :: ಮಳೆಗಾಲ : ______’ ಎಂದಿದ್ದಾಗ ಅವಸರದಲ್ಲಿ ತತ್ಪುರುಷ ಸಮಾಸ ಎಂದು ಬರೆದ ವಿದ್ಯಾರ್ಥಿಗೆ ವ್ಯಾಕರಣ ಗೊತ್ತಿಲ್ಲವೆಂದಲ್ಲ, ಎರಡನೆಯ ಪದವನ್ನು ಆತ ನೋಡಿಲ್ಲ, ಅಷ್ಟೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಪ್ರತಿಯೊಂದು ಪದದ ಮುಂದೆ, ಪತ್ರಿಕೆಯಲ್ಲಿ ಒಂದನ್ನಷ್ಟೇ ಕೇಳಿದ್ದರೂ, ಸಂಧಿ ಮತ್ತು ಸಮಾಸ ಎರಡನ್ನೂ ಬರೆದಿಡಿ. ಎರಡರಲ್ಲಿ ಒಂದು ಅನ್ವಯಿಸದಿದ್ದರೆ ಅಲ್ಲಿ ಅಡ್ಡಗೆರೆ ಎಳೆಯಿರಿ.

ಮುಂದಿನ ಕೆಲಸ, ಪದಗಳನ್ನು ಹೊಸದಾಗಿ ಗುಂಪು ಮಾಡುವುದು. ಎಲ್ಲರೂ ಸಂಧಿಯ ಹೆಸರಿನ ಕೆಳಗೆ ಉದಾಹರಣೆಗಳನ್ನು ಬರೆಯುತ್ತಾರೆ. ನಾನು ಮಕ್ಕಳಿಗೆ ಹೇಳುವುದು ಪೂರ್ವಪದವನ್ನು ಹಿಡಿದು ಗುಂಪು ಮಾಡಿ ಎಂದು. ‘ಸತ್’ ಎಂಬ ಒಂದೇ ಪೂರ್ವಪದವನ್ನು ತೆಗೆದುಕೊಳ್ಳೋಣ. ಸತ್ + ಆಚಾರ ಸೇರಿ ಸದಾಚಾರವಾಗುತ್ತದೆ. ಮುಂದೆ ಸ್ವರ ಬಂದಾಗ ತಕಾರವು ತನ್ನದೇ ವರ್ಗದ ಮೂರನೆಯ ಅಕ್ಷರವಾದ ದಕಾರವಾಯಿತು, ಇದು ಜಶ್ತ್ವ ಸಂಧಿ. ಸತ್ + ಜನ ಸೇರಿ ಸಜ್ಜನವಾಗುತ್ತದೆ. ಮುಂದೆ ಚವರ್ಗದ ಅಕ್ಷರ ಬಂದುದರಿಂದ ತಕಾರವೂ ಚವರ್ಗಕ್ಕೆ ಸರಿಯಿತು, ಇದು ಶ್ಚುತ್ವ. ಸತ್ + ಮಾನ ಸೇರಿ ಸನ್ಮಾನವಾಗುತ್ತದೆ. ಮುಂದೆ ಮಕಾರವೆಂಬ ಅನುನಾಸಿಕವಿದೆ, ತಕಾರವು ತವರ್ಗದ ಅನುನಾಸಿಕವಾದ ನಕಾರವಾಯಿತು, ಇದು ಅನುನಾಸಿಕ ಸಂಧಿ. ಮೂರೂ ಪದಗಳ ಆರಂಭ ಒಂದೇ, ಆದರೆ ಸಂಧಿಯನ್ನು ನಿರ್ಧರಿಸಿದ್ದು ಉತ್ತರಪದದ ಮೊದಲ ಅಕ್ಷರ. ಇದು ಒಮ್ಮೆ ಮನಸ್ಸಿಗೆ ಹತ್ತಿದರೆ ಪಟ್ಟಿಯಲ್ಲಿಲ್ಲದ ಪದ ಬಂದರೂ ಬಿಡಿಸಬಹುದು. ಹೆಸರಿನ ಕೆಳಗೆ ಉದಾಹರಣೆಗಳನ್ನು ಉರುಹೊಡೆದವರು ಹೊಸ ಪದ ಬಂದ ಕೂಡಲೇ ನಿಂತುಬಿಡುತ್ತಾರೆ.

ಕಾಗುಣಿತದ ಬಗ್ಗೆ ಒಂದು ಎಚ್ಚರಿಕೆ. ಉತ್ತರ ಗೊತ್ತಿದ್ದೂ ‘ಜಸ್ತ್ವ’, ‘ಶುಚ್ವ’, ‘ಕರ್ಮದಾರೆಯ’, ‘ಬಹುವ್ರಿಹಿ’ ಎಂದು ಬರೆಯುವವರು ಬಹಳ ಮಂದಿ. ಜಶ್ತ್ವ, ಶ್ಚುತ್ವ, ಕರ್ಮಧಾರಯ, ಬಹುವ್ರೀಹಿ: ಈ ನಾಲ್ಕನ್ನು ದಿನಕ್ಕೊಮ್ಮೆ ನೋಡದೆ ಬರೆದು ಅಭ್ಯಾಸ ಮಾಡಿದರೆ ಒಂದು ವಾರದಲ್ಲಿ ಕೈಗೆ ಕೂರುತ್ತವೆ.

ಪ್ರಸ್ತಾರದ ಪ್ರಶ್ನೆಗೆ ಒಂದು ವಿಶೇಷವಿದೆ. ಬರೆದ ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಾ ಕೊಠಡಿಯಲ್ಲೇ ನಿಶ್ಚಯವಾಗಿ ತಿಳಿಯಬಹುದಾದ ಪ್ರಶ್ನೆಯಿದು. ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳಲ್ಲಿ 3, 4, 3, 4ರಂತೆ ಒಟ್ಟು 14 ಮಾತ್ರೆಗಳಿರುತ್ತವೆ. 3 ಮತ್ತು 6ನೇ ಸಾಲುಗಳಲ್ಲಿ 3, 4ರ ನಡೆ ಮೂರು ಸಲ ಬಂದು ಕೊನೆಯಲ್ಲಿ ಒಂದು ಗುರು ಸೇರಿ 23 ಆಗುತ್ತದೆ. ಅಭ್ಯಾಸಕ್ಕೆಂದು ನಾನೇ ಕಟ್ಟಿದ ಒಂದು ಸಾಲನ್ನು ನೋಡಿ:

ಮಳೆಯ ಹನಿಯಲಿ ನೆನೆದು ಮಣ್ಣಿನ

‘ಮಳೆಯ’ ಮೂರೂ ಲಘು, 3 ಮಾತ್ರೆ. ‘ಹನಿಯಲಿ’ ನಾಲ್ಕು ಲಘು, 4. ‘ನೆನೆದು’ ಮತ್ತೆ 3. ‘ಮಣ್ಣಿನ’ ಎಂಬಲ್ಲಿ ‘ಮ’ ನೋಡಲು ಹ್ರಸ್ವವೇ ಆದರೂ ಮುಂದೆ ಒತ್ತಕ್ಷರ ಇರುವುದರಿಂದ ಗುರು, ಆದ್ದರಿಂದ 2 + 1 + 1 ಸೇರಿ 4. ಒಟ್ಟು 14. ಈ ‘ಮ’ವನ್ನು ಲಘುವೆಂದು ಎಣಿಸಿದವರಿಗೆ 13 ಬರುತ್ತದೆ. ಹಾಗೆ ಬಂದಾಗ ಗಣ ವಿಂಗಡಣೆಗೆ ಹೋಗದೆ ಒತ್ತಕ್ಷರದ ಹಿಂದಿನ ಅಕ್ಷರಗಳನ್ನು ಮೊದಲು ಪರೀಕ್ಷಿಸಿ. ಒಂದು ಮಾತ್ರೆ ಕಡಿಮೆ ಬಿದ್ದರೆ ಬಹುತೇಕ ಅಲ್ಲಿಯೇ ತಪ್ಪಿರುತ್ತದೆ. ಇದೇ ರೀತಿ ಕಂದಪದ್ಯದಲ್ಲಿ 1 ಮತ್ತು 3ನೇ ಸಾಲುಗಳಿಗೆ 12, 2 ಮತ್ತು 4ನೇ ಸಾಲುಗಳಿಗೆ 20 ಬರಲೇಬೇಕು. ಮೊದಲು ಮೊತ್ತ, ನಂತರ ಗಣದ ಗೆರೆ. ಈ ಕ್ರಮವನ್ನು ತಲೆಕೆಳಗು ಮಾಡಬೇಡಿ.

ಗದ್ಯಭಾಗ: ಉತ್ತರ ಒಂದೇ ವಾಕ್ಯದಲ್ಲಿ ಇಲ್ಲದಾಗ

ಅಪಠಿತ ಗದ್ಯಭಾಗ ಸುಲಭವೆಂಬ ನಂಬಿಕೆಯಿದೆ. ಉತ್ತರ ಕಣ್ಣೆದುರೇ ಇರುವುದರಿಂದ ಮಕ್ಕಳು ಇದನ್ನು ಅಭ್ಯಾಸ ಮಾಡುವುದೇ ಇಲ್ಲ. ಆದರೆ ಪ್ರಶ್ನೆಗಳು ಎರಡು ಜಾತಿಯವು. ‘ಯಾವುವು, ಏನು, ಯಾರು’ ಎಂಬ ಪ್ರಶ್ನೆಗೆ ಉತ್ತರ ಒಂದು ಕಡೆಯೇ ಸಿಗುತ್ತದೆ. ‘ಏಕೆ, ಹೇಗೆ’ ಎಂಬ ಪ್ರಶ್ನೆಗೆ ಎರಡು ಮೂರು ವಾಕ್ಯಗಳನ್ನು ಹೆಣೆಯಬೇಕಾಗುತ್ತದೆ. ಒಂದು ಚಿಕ್ಕ ಗದ್ಯದಲ್ಲಿ ಇದನ್ನು ನೋಡೋಣ.

“ಕೆರೆಯೆಂದರೆ ನೀರು ನಿಂತ ತಗ್ಗಷ್ಟೇ ಅಲ್ಲ. ಹರಿದುಬರುವ ನೀರನ್ನು ಏರಿ ತಡೆದು ನಿಲ್ಲಿಸುತ್ತದೆ. ತೂಬು ಬೇಕಾದಷ್ಟು ನೀರನ್ನು ಮಾತ್ರ ಗದ್ದೆಗೆ ಬಿಡುತ್ತದೆ. ಹೆಚ್ಚಾದ ನೀರು ಕೋಡಿಯ ಮೂಲಕ ಹರಿದು ಕೆಳಗಿನ ಕೆರೆಯನ್ನು ಸೇರುತ್ತದೆ. ತೂಬನ್ನು ಎತ್ತಿ ಇಳಿಸುವ ಕೆಲಸ ನೀರುಗಂಟಿಯದು. ಕೋಡಿಯನ್ನು ಮುಚ್ಚಿದ ಕಡೆ ದೊಡ್ಡ ಮಳೆಯಲ್ಲಿ ನೀರು ಏರಿಯ ಮೇಲೇ ಹರಿಯತೊಡಗುತ್ತದೆ. ಮಣ್ಣಿನ ಏರಿ ಕೊರೆದು ಒಡೆಯುತ್ತದೆ. ಆಗ ಮೇಲಿನ ಕೆರೆಯ ನೀರೆಲ್ಲ ಒಮ್ಮೆಗೇ ಕೆಳಕ್ಕೆ ನುಗ್ಗುತ್ತದೆ.”

ಮೊದಲ ಪ್ರಶ್ನೆ: ಏರಿ, ತೂಬು ಮತ್ತು ಕೋಡಿಗಳ ಕೆಲಸವೇನು? ಇದಕ್ಕೆ ಮೂರು ವಾಕ್ಯಗಳನ್ನು ಆರಿಸಿ ಬರೆದರೆ ಮುಗಿಯಿತು. ನೀರುಗಂಟಿಯ ವಿಷಯ ಬರೆಯಬೇಕಾಗಿಲ್ಲ. ತೂಬಿನ ಮಾತು ಬಂದಿದೆಯೆಂದು ಅದನ್ನೂ ಸೇರಿಸಿದರೆ ಅಂಕ ಹೆಚ್ಚುವುದಿಲ್ಲ, ಸಮಯ ಹೋಗುತ್ತದೆ.

ಎರಡನೆಯ ಪ್ರಶ್ನೆ: ಮೇಲಿನ ಕೆರೆಯ ಕೋಡಿ ಮುಚ್ಚಿದರೆ ಕೆಳಗಿನ ಕೆರೆಗೂ ಅಪಾಯವೇಕೆ? ಇಲ್ಲಿ ಹೆಚ್ಚಿನವರು ‘ಕೋಡಿಯನ್ನು ಮುಚ್ಚಿದ ಕಡೆ’ ಎಂದು ಆರಂಭವಾಗುವ ವಾಕ್ಯವನ್ನು ಹುಡುಕಿ, ಅದನ್ನು ಹಾಗೆಯೇ ಇಳಿಸಿ, ‘ಒಡೆಯುತ್ತದೆ’ ಎಂಬಲ್ಲಿಗೆ ನಿಲ್ಲಿಸುತ್ತಾರೆ. ಪ್ರಶ್ನೆಯ ಪದಗಳು ಆ ವಾಕ್ಯದಲ್ಲಿವೆ, ಆದರೆ ಅದು ಉತ್ತರದ ಅರ್ಧ ಮಾತ್ರ, ಏಕೆಂದರೆ ಪ್ರಶ್ನೆ ಕೇಳಿರುವುದು ಕೆಳಗಿನ ಕೆರೆಯ ಬಗ್ಗೆ. ಇನ್ನು ಕೆಲವರು ಕೊನೆಯ ವಾಕ್ಯವನ್ನೇ ಬರೆದು ‘ಆಗ ಮೇಲಿನ ಕೆರೆಯ ನೀರೆಲ್ಲ’ ಎಂದು ಆರಂಭಿಸುತ್ತಾರೆ. ಯಾವಾಗ ಎಂಬುದು ಉತ್ತರದಲ್ಲಿ ಎಲ್ಲಿಯೂ ಇರುವುದಿಲ್ಲ. ಸರಿಯಾದ ಉತ್ತರ ಹೀಗಿರಬಹುದು: ‘ಕೋಡಿ ಮುಚ್ಚಿದಾಗ ಹೆಚ್ಚಾದ ನೀರಿಗೆ ದಾರಿಯಿಲ್ಲದೆ ಅದು ಏರಿಯ ಮೇಲೆ ಹರಿದು ಏರಿಯನ್ನು ಒಡೆಯುತ್ತದೆ. ಇದರಿಂದ ಮೇಲಿನ ಕೆರೆಯ ನೀರೆಲ್ಲ ಒಮ್ಮೆಗೇ ಕೆಳಗಿನ ಕೆರೆಗೆ ನುಗ್ಗುವುದರಿಂದ ಅದಕ್ಕೂ ಅಪಾಯವಾಗುತ್ತದೆ.’ ‘ದಾರಿಯಿಲ್ಲದೆ’ ಎಂಬ ಮಾತು ಗದ್ಯದಲ್ಲಿಲ್ಲ, ಕೋಡಿಯ ಕೆಲಸ ಹೇಳುವ ಹಿಂದಿನ ವಾಕ್ಯದಿಂದ ಅದನ್ನು ತಿಳಿದುಕೊಂಡು ಬರೆದದ್ದು.

ಹಳೆಯ ಪತ್ರಿಕೆಗಳ ಐದು ಗದ್ಯಭಾಗಗಳಲ್ಲಿ ಪ್ರತಿಯೊಂದಕ್ಕೂ ಹೀಗೆ ಮಾಡಿ. ಮೊದಲು ಪ್ರಶ್ನೆಗಳನ್ನು ಓದಿ, ಆಮೇಲೆ ಗದ್ಯವನ್ನು ಓದಿ, ಉತ್ತರಕ್ಕೆ ಬೇಕಾದ ವಾಕ್ಯಗಳ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಗೆರೆ ಒಂದೇ ವಾಕ್ಯಕ್ಕೆ ಬಿದ್ದಿದ್ದು ಪ್ರಶ್ನೆಯಲ್ಲಿ ‘ಏಕೆ’ ಅಥವಾ ‘ಹೇಗೆ’ ಎಂದಿದ್ದರೆ, ಏನೋ ಬಿಟ್ಟುಹೋಗಿದೆಯೆಂದು ಅನುಮಾನಿಸಿ ಮತ್ತೊಮ್ಮೆ ಹುಡುಕಿ. ಬರೆದ ಮೇಲೆ ಗದ್ಯವನ್ನು ಮುಚ್ಚಿಟ್ಟು ಉತ್ತರವನ್ನಷ್ಟೇ ಓದಿ ನೋಡಿ. ‘ಆಗ’, ‘ಅದು’, ‘ಅವರು’ ಎಂಬ ಪದಗಳು ಯಾರನ್ನು, ಯಾವುದನ್ನು ಕುರಿತವು ಎಂದು ಉತ್ತರದಿಂದಲೇ ತಿಳಿಯದಿದ್ದರೆ ಆ ಜಾಗದಲ್ಲಿ ಹೆಸರನ್ನೇ ಬರೆಯಬೇಕು. ಪರೀಕ್ಷೆಯ ಆರಂಭದಲ್ಲಿ ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷಗಳಲ್ಲಿ ಗದ್ಯಭಾಗವನ್ನು ಒಮ್ಮೆ ಓದಿಬಿಟ್ಟರೆ, ಕೊನೆಯಲ್ಲಿ ಬರೆಯುವಾಗ ಅದು ಎರಡನೆಯ ಓದಾಗುತ್ತದೆ.

ಮನವಿ ಪತ್ರ

ಪತ್ರಲೇಖನದಲ್ಲಿ ಸಾಮಾನ್ಯವಾಗಿ ಒಂದು ಖಾಸಗಿ ಪತ್ರ, ಒಂದು ವ್ಯಾವಹಾರಿಕ ಪತ್ರ ಕೊಟ್ಟು ಒಂದನ್ನು ಆರಿಸಿಕೊಳ್ಳಲು ಬಿಡುತ್ತಾರೆ. ನನ್ನ ಸಲಹೆ ಮನವಿ ಪತ್ರವನ್ನೇ ಆರಿಸಿಕೊಳ್ಳಿ ಎಂದು. ತಂದೆಗೋ ಗೆಳತಿಗೋ ಬರೆಯುವ ಪತ್ರದಲ್ಲಿ ಎಷ್ಟು ಬರೆದರೆ ಸಾಕು ಎಂಬುದು ತಿಳಿಯುವುದಿಲ್ಲ. ಮನವಿ ಪತ್ರಕ್ಕೆ ಗಟ್ಟಿಯಾದ ಚೌಕಟ್ಟಿದೆ, ಚೌಕಟ್ಟಿಗೇ ಅಂಕಗಳಿವೆ. ಮಾದರಿ ಉತ್ತರದಲ್ಲಿ ಪತ್ರದ ಭಾಗಗಳಿಗೆ ಅಂಕ ಹೇಗೆ ಹಂಚಿದ್ದಾರೆ ಎಂಬುದನ್ನು ನೋಡಿ, ಆ ಭಾಗಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

ಐದು ಪತ್ರಿಕೆಗಳ ಪತ್ರದ ಪ್ರಶ್ನೆಗಳಲ್ಲಿ ಪ್ರತಿಯೊಂದರಿಂದಲೂ ನಾಲ್ಕು ಸಂಗತಿಗಳನ್ನು ಮಾತ್ರ ಹೆಕ್ಕಿ: ಬರೆಯುವವರು ಯಾರು, ಯಾವ ಊರಿನವರು, ಯಾರಿಗೆ ಬರೆಯಬೇಕು, ಕೋರಿಕೆ ಏನು. ಉದಾಹರಣೆಗೆ, ‘ನಿಮ್ಮನ್ನು ಹೊಸಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಸಹನಾ ಎಂದು ಭಾವಿಸಿಕೊಂಡು, ನಿಮ್ಮ ಊರಿನ ಬೀದಿದೀಪಗಳನ್ನು ದುರಸ್ತಿ ಮಾಡಿಸುವಂತೆ ಕೋರಿ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ ಪತ್ರ ಬರೆಯಿರಿ’ ಎಂದಿದ್ದರೆ ಆ ನಾಲ್ಕೂ ಪ್ರಶ್ನೆಯಲ್ಲಿಯೇ ಇವೆ. ಇಲ್ಲಿ ನಿಮ್ಮ ಸ್ವಂತ ಹೆಸರನ್ನಾಗಲಿ ನಿಮ್ಮ ಶಾಲೆಯನ್ನಾಗಲಿ ಬರೆಯಬಾರದು. ಉತ್ತರಪತ್ರಿಕೆಯಲ್ಲಿ ಗುರುತು ಬಿಟ್ಟುಕೊಡಬಾರದೆಂದೇ ಪ್ರಶ್ನೆಯಲ್ಲಿ ಹೆಸರು ಕೊಟ್ಟಿರುತ್ತಾರೆ. ಪತ್ರ ಹೀಗೆ ಬರುತ್ತದೆ:

ಸ್ಥಳ: ಹೊಸಹಳ್ಳಿ
ದಿನಾಂಕ: 10-01-2026

ಇವರಿಂದ,
ಸಹನಾ
10ನೇ ತರಗತಿ
ಸರ್ಕಾರಿ ಪ್ರೌಢಶಾಲೆ, ಹೊಸಹಳ್ಳಿ

ಇವರಿಗೆ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು
ಗ್ರಾಮ ಪಂಚಾಯಿತಿ ಕಾರ್ಯಾಲಯ, ಹೊಸಹಳ್ಳಿ

ಮಾನ್ಯರೆ,

ವಿಷಯ: ಬೀದಿದೀಪಗಳನ್ನು ದುರಸ್ತಿ ಮಾಡಿಸುವಂತೆ ಕೋರಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಬಸ್ ನಿಲ್ದಾಣದಿಂದ ನಮ್ಮ ಶಾಲೆಯವರೆಗಿನ ರಸ್ತೆಯಲ್ಲಿರುವ ಎಂಟು ಬೀದಿದೀಪಗಳಲ್ಲಿ ಆರು ದೀಪಗಳು ಒಂದು ತಿಂಗಳಿನಿಂದ ಉರಿಯುತ್ತಿಲ್ಲ.

ಶಾಲೆಯಲ್ಲಿ ಸಂಜೆ ವಿಶೇಷ ತರಗತಿಗಳು ನಡೆಯುತ್ತಿದ್ದು, ನಾವು ಮನೆಗೆ ಮರಳುವ ಹೊತ್ತಿಗೆ ಕತ್ತಲಾಗಿರುತ್ತದೆ. ರಸ್ತೆಯ ಬದಿಯಲ್ಲಿ ತೆರೆದ ಚರಂಡಿ ಇರುವುದರಿಂದ ಮಕ್ಕಳು ಮತ್ತು ವೃದ್ಧರು ಎಡವಿ ಬೀಳುವ ಅಪಾಯವಿದೆ.

ಆದ್ದರಿಂದ ತಾವು ದಯವಿಟ್ಟು ಈ ದೀಪಗಳನ್ನು ಶೀಘ್ರವಾಗಿ ದುರಸ್ತಿ ಮಾಡಿಸಿಕೊಡಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಸಹನಾ

ಒಡಲಿನ ಮೂರು ಭಾಗಗಳನ್ನು ಗಮನಿಸಿ. ಮೊದಲನೆಯದರಲ್ಲಿ ಎಲ್ಲಿ, ಏನು, ಎಂದಿನಿಂದ. ಎರಡನೆಯದರಲ್ಲಿ ಅದರಿಂದ ಯಾರಿಗೆ ಏನು ತೊಂದರೆ. ಮೂರನೆಯದರಲ್ಲಿ ಒಂದೇ ಕೋರಿಕೆ. ಹಲವರ ಪತ್ರಗಳಲ್ಲಿ ‘ನಮ್ಮ ಊರಿನಲ್ಲಿ ತುಂಬಾ ತೊಂದರೆಯಾಗುತ್ತಿದೆ, ತಾವು ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದಷ್ಟೇ ಇರುತ್ತದೆ. ಬೀದಿದೀಪ ಎಂಬ ಪದವನ್ನು ತೆಗೆದು ಕುಡಿಯುವ ನೀರು ಎಂದು ಹಾಕಿದರೂ ಆ ಪತ್ರ ಹಾಗೆಯೇ ನಡೆಯುತ್ತದೆ. ನಿಮ್ಮ ಪತ್ರದಲ್ಲಿ ಹೀಗೆ ಪದ ಬದಲಿಸಿ ನೋಡಿ. ಬದಲಿಸಿದ ಮೇಲೂ ಅರ್ಥ ಕೆಡದಿದ್ದರೆ ಒಡಲು ಪೊಳ್ಳಾಗಿದೆಯೆಂದು ತಿಳಿಯಬೇಕು. ಮೇಲಿನ ಪತ್ರದಲ್ಲಿ ಎಂಟು ದೀಪಗಳು, ತೆರೆದ ಚರಂಡಿ, ಸಂಜೆಯ ತರಗತಿ ಇವು ಬೇರೆ ವಿಷಯಕ್ಕೆ ಹೊಂದುವುದಿಲ್ಲ.

ವಿಷಯದ ಸಾಲು ಒಂದು ಸಾಲನ್ನು ಮೀರಬಾರದು. ಖಾಸಗಿ ಪತ್ರದ ಅಭ್ಯಾಸದಿಂದ ‘ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ’ ಎಂದು ಅಧಿಕಾರಿಗೆ ಬರೆಯುವವರಿದ್ದಾರೆ, ‘ನಿಮ್ಮ ಪ್ರೀತಿಯ’ ಎಂದು ಮುಗಿಸುವವರೂ ಇದ್ದಾರೆ. ಮೊದಲಿಗೆ ‘ತಾವು’ ಎಂದು ಆರಂಭಿಸಿದರೆ ಕೊನೆಯವರೆಗೂ ‘ತಾವು, ತಮ್ಮ’ ಎಂದೇ ಸಾಗಬೇಕು, ನಡುವೆ ‘ನೀವು’ ಆಗಬಾರದು. ಶಾಲೆಯಲ್ಲಿ ಮಾನ್ಯರೆ ಮತ್ತು ವಿಷಯದ ಸಾಲುಗಳ ಕ್ರಮವನ್ನು ಹಿಂದುಮುಂದಾಗಿ ಕಲಿಸಿದ್ದರೆ ಅದನ್ನೇ ಇಟ್ಟುಕೊಳ್ಳಿ, ಎರಡೂ ರೂಢಿಯಲ್ಲಿವೆ. ಆದರೆ ಯಾವುದೊಂದನ್ನೂ ಬಿಡಬೇಡಿ.

ಐದು ಪ್ರಶ್ನೆಗಳಿಗೂ ಪೂರ್ತಿ ಪತ್ರ ಬರೆಯಬೇಕಾಗಿಲ್ಲ. ಎರಡನ್ನು ಪೂರ್ತಿ ಬರೆಯಿರಿ, ಗಡಿಯಾರ ಇಟ್ಟುಕೊಂಡು ಹದಿನೈದು ನಿಮಿಷದೊಳಗೆ ಮುಗಿಸಿ. ಉಳಿದ ಮೂರಕ್ಕೆ ಇವರಿಗೆ ಎಂಬಲ್ಲಿನ ವಿಳಾಸ, ವಿಷಯದ ಸಾಲು ಮತ್ತು ಒಡಲಿನ ಎರಡನೆಯ ಭಾಗ ಇಷ್ಟನ್ನೇ ಬರೆಯಿರಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ತಹಶೀಲ್ದಾರ್, ಮುಖ್ಯೋಪಾಧ್ಯಾಯರು, ಪತ್ರಿಕಾ ಸಂಪಾದಕರು, ಸಾರಿಗೆ ಸಂಸ್ಥೆಯ ಘಟಕ ವ್ಯವಸ್ಥಾಪಕರು ಎಂಬ ಪದನಾಮಗಳನ್ನು ತಪ್ಪಿಲ್ಲದೆ ಬರೆಯಲು ಬರುತ್ತದೆಯೇ ಎಂದು ನೋಡಿಕೊಳ್ಳಿ. ‘ಅಭಿವೃದ್ದಿ’, ‘ಅದಿಕಾರಿ’, ‘ಮುಖ್ಯೋಪಾದ್ಯಾಯ’ ಎಂಬಂಥ ಅಲ್ಪಪ್ರಾಣದ ತಪ್ಪುಗಳು ಪತ್ರದ ಮೊದಲ ನಾಲ್ಕು ಸಾಲುಗಳಲ್ಲೇ ಮೌಲ್ಯಮಾಪಕರ ಕಣ್ಣಿಗೆ ಬೀಳುತ್ತವೆ.

ಇಷ್ಟನ್ನು ಮುಗಿಸಲು ದಿನಕ್ಕೆ ಮುಕ್ಕಾಲು ಗಂಟೆಯಂತೆ ಸುಮಾರು ಮೂರು ವಾರ ಬೇಕು: ವ್ಯಾಕರಣಕ್ಕೆ ಎರಡು ವಾರ, ಗದ್ಯಭಾಗಕ್ಕೆ ನಾಲ್ಕು ದಿನ, ಪತ್ರಕ್ಕೆ ಮೂರು ದಿನ. ಆರರಲ್ಲಿ ಒಂದು ಪತ್ರಿಕೆಯನ್ನು ಮಾತ್ರ ಬಿಡಿಸದೆ, ಓದದೆ ಎತ್ತಿಟ್ಟಿರಿ. ವಿಭಾಗವಾರು ಕೆಲಸವನ್ನು ಐದು ಪತ್ರಿಕೆಗಳಲ್ಲಿ ಮುಗಿಸಿದ ಮೇಲೆ ಆ ಆರನೆಯದನ್ನು 3 ಗಂಟೆ 15 ನಿಮಿಷಗಳಲ್ಲಿ ಒಂದೇ ಕೂರಿಕೆಯಲ್ಲಿ ಬರೆದು, ನಿಮ್ಮ ಬದಲು ಶಿಕ್ಷಕರಿಂದಲೋ ಸಹಪಾಠಿಯಿಂದಲೋ ಮಾದರಿ ಉತ್ತರದ ಪ್ರಕಾರ ತಿದ್ದಿಸಿಕೊಳ್ಳಿ. ಈ ಮೂರು ವಿಭಾಗಗಳಲ್ಲಿ ಎಲ್ಲಿ ಅಂಕ ಹೋಗಿದೆಯೋ ನೋಟ್‌ಬುಕ್ಕಿನ ಆ ಭಾಗಕ್ಕೆ ಮರಳಿದರೆ ಸಾಕು.